ತೂಕ ಸರಿ ಇದೆ, ಆದರೆ ಪಾದ?

‘ಹೋದ ವಾರ ಕಾರವಾರದ ಸಮುದಾಯ ಭವನದಲ್ಲಿ ಮಕ್ಕಳ ಡಾಕ್ಟರು ತಾಯಂದಿರಿಗೆ ಅಪೌಷ್ಟಿಕತೆ ಬಗ್ಗೆ ಹೇಳಿದರು. ಮಗು ಒಣಗಿದರೂ ಅಪೌಷ್ಟಿಕತೆ, ಊದಿದರೂ ಅಪೌಷ್ಟಿಕತೆ ಅಂದರು. ನನ್ನ ನಾದಿನಿಯ ಮಗನಿಗೆ ಎರಡು ವರ್ಷ ತುಂಬುತ್ತಾ ಬಂತು. ಕೆನ್ನೆ ಗುಂಡಗಿದೆ, ಅಂಗನವಾಡಿಯಲ್ಲಿ ತೂಕ ಸರಿ ಇದೆ ಅಂತಾರೆ. ಆದರೆ ಊಟ ಬೇಡ, ಆಟ ಬೇಡ, ಬರೀ ಕುಂಯ್‌ಗುಟ್ಟುತ್ತಾನೆ. ತೂಕ ಸರಿ ಇರುವ ಮಗುವಿಗೂ ಇದು ಬರುತ್ತದಾ? ಮನೆಯಲ್ಲಿ ಹೇಗೆ ನೋಡುವುದು?’
— ಓದುಗರೊಬ್ಬರು, ಅಂಕೋಲಾ

ಬರುತ್ತದೆ. ಈ ಉತ್ತರ ಪೂರ್ತಿ ಓದುವ ಮೊದಲು ನಾದಿನಿಗೆ ಫೋನ್ ಮಾಡಿ, ಮಗುವಿನ ಪಾದ ನೋಡಲು ಹೇಳಿ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಎರಡೂ ಪಾದಗಳ ಮೇಲ್ಭಾಗದಲ್ಲಿ ಹೆಬ್ಬೆರಳಿಟ್ಟು ಮೆತ್ತಗೆ, ಬಿಡದೆ ಒತ್ತಬೇಕು. ‘ನೂರಾ ಒಂದು, ನೂರಾ ಎರಡು, ನೂರಾ ಮೂರು’ ಎಂದು ಎಣಿಸಿದರೆ ಮೂರು ಸೆಕೆಂಡ್ ಆಗುತ್ತದೆ. ಬೆರಳು ತೆಗೆದ ಮೇಲೆ ಅಲ್ಲಿ ಗುಳಿ ಹಾಗೇ ಉಳಿಯಿತಾ? ಎರಡೂ ಪಾದಗಳಲ್ಲಿ ಉಳಿದರೆ ಅದು ಕೊಬ್ಬಲ್ಲ, ನೀರು. ಒಂದೇ ಕಾಲು ಊದಿದ್ದರೆ ಪೆಟ್ಟೋ, ಹುಣ್ಣೋ ಇರಬಹುದು. ಅದೂ ಡಾಕ್ಟರಿಗೆ ತೋರಿಸುವಂಥದ್ದೇ, ಆದರೆ ಇಲ್ಲಿ ಹೇಳುತ್ತಿರುವ ತೊಂದರೆ ಬೇರೆ.

ಆ ದಿನ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಡಾಕ್ಟರು ಒಂದು ತಟ್ಟೆಯಲ್ಲಿ ಕಲಸಿದ ರೊಟ್ಟಿ ಹಿಟ್ಟು ತಂದು ಎಲ್ಲರ ಕೈಯಲ್ಲೂ ಒತ್ತಿಸಿದ್ದು ನಿಮಗೆ ನೆನಪಿರಬಹುದು. ಹಿಟ್ಟಿನಲ್ಲಿ ಗುಳಿ ಉಳಿಯಿತು. ಆಮೇಲೆ ನಮ್ಮ ನಮ್ಮ ಕೈ ಒತ್ತಿಕೊಂಡೆವು, ಉಳಿಯಲಿಲ್ಲ. ಎಷ್ಟೋ ಪುಸ್ತಕ ಓದಿದರೂ ಸಿಗದ ವ್ಯತ್ಯಾಸ ಬೆರಳಿಗೆ ಸಿಕ್ಕಿತು.

ತಕ್ಕಡಿ ಹೇಗೆ ಮೋಸ ಮಾಡುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಪಕ್ಕದ ಮನೆಯ ಹುಡುಗನಿಗೆ ಒಂದು ವರ್ಷ ಹತ್ತು ತಿಂಗಳು. ತಾಯಿ ಮತ್ತೆ ಗರ್ಭಿಣಿಯಾಗಿದ್ದಳು, ಎದೆಹಾಲು ಬಿಡಿಸಿದ್ದರು. ಜೂನ್ ಒಂದಕ್ಕೆ ಮೀನುಗಾರಿಕೆ ನಿಷೇಧ ಶುರುವಾಗಿ, ದೋಣಿ ಕೆಲಸಕ್ಕೆ ಹೋಗುವ ಅಪ್ಪ ಮನೆಯಲ್ಲಿ ಕೂತ. ಮನೆಗೆ ಮೀನು ಬರುವುದು ನಿಂತಿತು, ದುಡ್ಡೂ ನಿಂತಿತು. ಹುಡುಗನಿಗೆ ಮೂರು ಹೊತ್ತೂ ತೆಳ್ಳನೆ ಗಂಜಿ, ಉಪ್ಪಿನಕಾಯಿ ರಸ, ನಡುವೆ ಚಹಾದಲ್ಲಿ ಅದ್ದಿದ ಬಿಸ್ಕಿಟು. ಜುಲೈಯಲ್ಲಿ ಎಂಟು ದಿನ ಭೇದಿ ಆಯಿತು. ಭೇದಿ ನಿಂತ ಮೇಲೆ ಅವನ ಮುಖ ದುಂಡಗಾಯಿತು. ‘ಈಗ ಮೈ ಕೈ ತುಂಬಿಕೊಂಡ’ ಅಂತ ಅಜ್ಜಿ ದೃಷ್ಟಿ ತೆಗೆದರು. ತೂಕ 9.8 ಕಿಲೊ. ತಾಯಿ ಕಾರ್ಡಿನಲ್ಲಿ ಚುಕ್ಕೆ ಹಸಿರು ಪಟ್ಟಿಯ ಒಳಗೇ ಬಿತ್ತು. ತೋರಿಸಲು ಹೋದ ಒಂದು ಕಡೆ ತೂಕ ನೋಡಿ, ಟಾನಿಕ್ ಬರೆದು ಕಳಿಸಿದರು. ಪಾದ ಯಾರೂ ಮುಟ್ಟಲಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಅವನ ಕಾಲ್ಗಡಗ. ಬೆಳ್ಳಿಯದು, ಮೊದಲು ಸಡಿಲವಾಗಿ ಕುಣಿಯುತ್ತಿತ್ತು. ಈಗ ಅದನ್ನು ಮೇಲಕ್ಕೆ ಸರಿಸಿದರೆ ಅಡಿಯಲ್ಲಿ ಉಂಗುರದ ಹಾಗೆ ತಗ್ಗು. ತೊಡೆಯ ಮೇಲೆ ಚರ್ಮ ಕಪ್ಪಾಗಿ, ಹಳೇ ಗೋಡೆಯ ಬಣ್ಣದ ಹಾಗೆ ಸಿಪ್ಪೆ ಏಳುತ್ತಿತ್ತು. ಕೂದಲು ತೆಳ್ಳಗಾಗಿ ಕೆಂಚು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಡಿದರೆ ಒಂದೆರಡು ಎಳೆ ನೋವಿಲ್ಲದೆ ಬಂದವು. ಎದುರಿಗೆ ಬಾಳೆಹಣ್ಣು ಹಿಡಿದರೂ ಮುಖ ತಿರುಗಿಸುತ್ತಿದ್ದ.

ಒಣಗುವ ಮಗು ಹೀಗಿರುವುದಿಲ್ಲ. ಅದರ ಮುಖ ಮುದುಕರ ಮುಖದಂತೆ ಇಳಿದಿರುತ್ತದೆ, ಪಕ್ಕೆಲುಬು ಎಣಿಸಬಹುದು, ಕುಂಡೆಯ ಚರ್ಮ ದೊಗಳೆ ಚಡ್ಡಿಯ ಹಾಗೆ ಜೋಲುತ್ತದೆ. ಕಡಗ ತಾನೇ ಜಾರುತ್ತದೆ. ಹೆಚ್ಚಾಗಿ ಹಸಿವೂ ಇರುತ್ತದೆ, ತಟ್ಟೆ ಕಂಡರೆ ಕೈ ಚಾಚುತ್ತದೆ. ಇದಕ್ಕೆ ಮರಾಸ್ಮಸ್ ಎನ್ನುತ್ತಾರೆ. ಇದನ್ನು ಅಂಗನವಾಡಿಯ ತೋಳಿನ ಪಟ್ಟಿ ಹಿಡಿಯುತ್ತದೆ. ಎಡತೋಳನ್ನು ಇಳಿಬಿಟ್ಟು, ಭುಜ ಮತ್ತು ಮೊಣಕೈಯ ನಡುಮಧ್ಯೆ ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ. 12.5ರ ಒಳಗಿದ್ದರೆ ಹಳದಿ. ಆದರೆ ಎರಡೂ ಪಾದಗಳಲ್ಲಿ ಗುಳಿ ಬಿದ್ದರೆ ಪಟ್ಟಿ ಹಸಿರು ತೋರಿಸಿದರೂ, ತೂಕ ಸರಿ ಇದ್ದರೂ, ಅದನ್ನು ತೀವ್ರ ಅಪೌಷ್ಟಿಕತೆ ಎಂದೇ ಲೆಕ್ಕ ಹಾಕುತ್ತಾರೆ.

ಊದುವ ರೋಗಕ್ಕೆ ಕ್ವಾಷಿಯೋರ್ಕರ್ ಎಂಬ ಹೆಸರು ಆಫ್ರಿಕಾದ ಗಾ ಭಾಷೆಯದು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಈಗಿನ ಘಾನಾದಲ್ಲಿ ಕೆಲಸ ಮಾಡುತ್ತಾ 1930ರ ದಶಕದಲ್ಲಿ ಇದನ್ನು ಬರೆದರು. ಹೊಸ ಕೂಸು ಬಂದಾಗ ಹಿಂದಿನ ಮಗುವಿಗೆ ತಗಲುವ ಕಾಯಿಲೆ ಅಂತ ಅದರ ಅರ್ಥ. ಓದಿದಾಗ ನನಗೆ ಪಕ್ಕದ ಮನೆಯೇ ಕಣ್ಮುಂದೆ ಬಂತು. ಬರೀ ಪ್ರೊಟೀನ್ ಕೊರತೆಯಿಂದ ಊತ, ಬರೀ ಕ್ಯಾಲೊರಿ ಕೊರತೆಯಿಂದ ಒಣಗುವಿಕೆ ಎಂದು ಬಹಳ ಕಾಲ ಹೇಳುತ್ತಿದ್ದರು. ಅದು ಅಷ್ಟು ಸರಳ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ನೋಡಿದಂತೆ, ಒಂದೇ ರೀತಿಯ ಊಟ ಮಾಡುತ್ತಿದ್ದ ಮಕ್ಕಳಲ್ಲೇ ಕೆಲವರು ಊದಿದರು, ಕೆಲವರು ಒಣಗಿದರು. ಭೇದಿ, ದಡಾರದಂಥ ಸೋಂಕು ಎರಡೂ ಬಗೆಯ ಮಕ್ಕಳನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ‘ಪ್ರೊಟೀನ್ ಕಡಿಮೆ’ ಅಂತ ಕೇಳಿದ ಕೂಡಲೇ ಮನೆಯವರು ಡಬ್ಬಿ ಪುಡಿ, ದಿನಕ್ಕೆ ಎರಡು ಮೊಟ್ಟೆ ತುರುಕಲು ಹೊರಡುತ್ತಾರೆ. ಊದಿದ ಮಗುವಿನ ಯಕೃತ್ತು ಆ ಹೊರೆ ತಾಳುವ ಸ್ಥಿತಿಯಲ್ಲಿ ಇರುವುದಿಲ್ಲ. ಆಸ್ಪತ್ರೆಯಲ್ಲಿ ಶುರು ಮಾಡುವುದು ಎಫ್-75 ಎಂಬ, ಪ್ರೊಟೀನ್ ಕಡಿಮೆ ಇರುವ ಹಾಲಿನಿಂದ. ಮೊದಲು ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಊತ ಇಳಿಯತೊಡಗಿ ಹಸಿವು ಮರಳಿದ ಮೇಲೇ ಹೆಚ್ಚು ಸತ್ವದ ಆಹಾರ. ಕಬ್ಬಿಣದ ಔಷಧಿಯೂ ಆಮೇಲೇ. ಊತ ಇಳಿಸಲು ಯಾರಾದರೂ ನೀರು ಹೋಗುವ ಗುಳಿಗೆ ಕೊಟ್ಟರೆ ದಯವಿಟ್ಟು ಬೇಡ ಅನ್ನಿ. ಈ ಊತಕ್ಕೆ ಅದು ಮದ್ದಲ್ಲ, ಅಪಾಯ.

ನಮ್ಮ ಹುಡುಗ ಜಿಲ್ಲಾ ಆಸ್ಪತ್ರೆ ಸೇರಿದ ಹತ್ತನೇ ದಿನಕ್ಕೆ ತೂಕ 8.7 ಕಿಲೊಗೆ ಇಳಿಯಿತು. ‘ಆಸ್ಪತ್ರೆಗೆ ಬಂದು ಮಗು ಒಣಗಿತು’ ಅಂತ ಅಜ್ಜಿ ಅತ್ತೇಬಿಟ್ಟರು, ಮನೆಗೆ ಕರೆದೊಯ್ಯಲು ಹಟ ಹಿಡಿದರು. ಹೋದದ್ದು ನೀರು, ಉಳಿದದ್ದೇ ಅವನ ನಿಜವಾದ ತೂಕ ಎಂದು ನರ್ಸ್ ಅವನ ಪಾದ ಒತ್ತಿ ತೋರಿಸಿದರು. ಗುಳಿ ಬೀಳಲಿಲ್ಲ. ಈ ಹಂತದಲ್ಲೇ ಎಷ್ಟೋ ಮಕ್ಕಳನ್ನು ಅರ್ಧಕ್ಕೆ ಬಿಡಿಸಿಕೊಂಡು ಹೋಗುತ್ತಾರೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ.

ನಿಮ್ಮ ನಾದಿನಿಯ ಮಗನಿಗೆ ಗುಳಿ ಬಿದ್ದರೆ ಇವತ್ತೇ ಹೊರಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ ಕೇಳಿ. ಇಂಥ ಮಗುವಿಗೆ ಬರಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ, ಮೈಯೂ ತಣ್ಣಗಾಗುತ್ತದೆ. ದಾರಿಯಲ್ಲಿ ಸಕ್ಕರೆ ನೀರನ್ನು ಚಮಚದಲ್ಲಿ ಆಗಾಗ ಕುಡಿಸುತ್ತಿರಿ, ತಲೆಗೆ ಟೋಪಿ ಹಾಕಿ ಎದೆಗೆ ಅವಚಿಕೊಳ್ಳಿ. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊತ ಜಾಸ್ತಿ ಇರುತ್ತದಾ ಎಂಬುದನ್ನೂ ಡಾಕ್ಟರಿಗೆ ಹೇಳಿ. ಮೂತ್ರಪಿಂಡದ ತೊಂದರೆಯಲ್ಲೂ ಮಗು ಊದುತ್ತದೆ, ಮೂತ್ರ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ.

ಗುಳಿ ಬೀಳದಿದ್ದರೂ ತೋಳಿನ ಪಟ್ಟಿ ಸುತ್ತಿಸಿ. ಊಟ ಬಿಟ್ಟು ಮಂಕಾಗಿರುವ ಮಗುವನ್ನು ಹೇಗೂ ಒಮ್ಮೆ ಡಾಕ್ಟರು ನೋಡಲೇಬೇಕು. ಪಾದ ಒತ್ತಿದಾಗ ಏನಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕಿ