ಹಳೇ ಕ್ಯಾರಂ ಬೋರ್ಡ್ ಎಷ್ಟು ವರ್ಷದ್ದು ಅಂತ ಹೇಗೆ ತಿಳಿಯುವುದು?

ಪ್ರಶ್ನೆ: ಬಸವನಗುಡಿ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ತಾತನ ಕ್ಯಾರಂ ಬೋರ್ಡ್ ಸಿಕ್ಕಿತು. ಬ್ರಿಟಿಷರ ಕಾಲದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಹಿಂದೆ ಹರಿದ ಲೇಬಲ್ ಇದೆ, ‘ಬೆಂಗಳೂರು-2’ ಅಂತ ಮಾತ್ರ ಓದಲು ಬರುತ್ತೆ. ಜೊತೆಗಿದ್ದ ಡಬ್ಬದಲ್ಲಿ ಬಿಳಿ ಸ್ಟ್ರೈಕರ್, ಕೆಲವು ಚೆಸ್ ಕಾಯಿ ಇವೆ. ವಯಸ್ಸು ಹೇಗೆ ಗೊತ್ತಾಗುತ್ತೆ?

ಉತ್ತರ:

ಮೊದಲು ಒಂದು ಕೆಲಸ ಮಾಡಬೇಡಿ. ಆ ಲೇಬಲ್ ಮೇಲೆ ಒದ್ದೆ ಬಟ್ಟೆ ಹಾಕಬೇಡಿ. ಆಗಿನ ಲೇಬಲ್‌ಗಳನ್ನು ಹೆಚ್ಚಾಗಿ ಮೈದಾ ಅಂಟಿನಲ್ಲಿ ಅಂಟಿಸುತ್ತಿದ್ದರು, ನೀರು ತಾಗಿದರೆ ಕಾಗದ ಕೈಗೇ ಬರುತ್ತೆ. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಬೋರ್ಡಿಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿದು ಮೊಬೈಲಲ್ಲಿ ಫೋಟೋ ತೆಗೆಯಿರಿ. ಮಾಸಿದ ಅಕ್ಷರದ ಅಚ್ಚು ಕಾಗದದಲ್ಲಿ ಒತ್ತಿಕೊಂಡಿದ್ದರೆ ನೆರಳಲ್ಲಿ ಎದ್ದು ಕಾಣುತ್ತೆ.

ಆಮೇಲೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಬೋರ್ಡಿನಲ್ಲಿ ಹಳೆಯದು ಏನೇ ಕಂಡರೂ ಅದರಿಂದ ಬೋರ್ಡ್ ಹಳೆಯದು ಅಂತ ಸಾಬೀತಾಗುವುದಿಲ್ಲ. ಹಳೇ ಮರ, ಹಳೇ ಸ್ಕ್ರೂ, ಹಳೇ ಲೇಬಲ್‌ಗಳ ಕಟ್ಟು ಎಲ್ಲವೂ ಅಂಗಡಿಯಲ್ಲಿ ವರ್ಷಗಟ್ಟಲೆ ಉಳಿದಿರಬಹುದು. ಆದರೆ ಹೊಸದೊಂದು ಕಂಡರೆ, ಅದು ಮೊದಲಿನಿಂದಲೂ ಅಲ್ಲೇ ಇದ್ದಿದ್ದಾದರೆ, ಬೋರ್ಡ್ ಅದಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಹಾಗಾಗಿ ಹುಡುಕಬೇಕಾದ್ದು ಅತಿ ಹೊಸ ಗುರುತನ್ನು, ಅತಿ ಹಳೆಯದನ್ನಲ್ಲ.

ಲೇಬಲ್‌ನ ವಿಳಾಸದಿಂದಲೇ ಅರ್ಧ ಕೆಲಸ ಆಗುತ್ತೆ. ‘ಬೆಂಗಳೂರು-2’ ಅನ್ನುವುದು ಅವೆನ್ಯೂ ರಸ್ತೆ ಕಡೆಯ ಹಳೇ ಅಂಚೆ ಸಂಖ್ಯೆ, ಮುಂದೆ ಅದೇ 560 002 ಆಯಿತು. ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಆದರೆ ಅದಾದ ಮೇಲೂ ಜನ ಅಭ್ಯಾಸಬಲದಿಂದ ಬೆಂಗಳೂರು-2 ಅಂತಲೇ ಬರೆಯುತ್ತಿದ್ದರು, ಆದ್ದರಿಂದ ಆರಂಕಿ ಇಲ್ಲ ಅನ್ನುವುದೊಂದನ್ನೇ ನೆಚ್ಚಿಕೊಳ್ಳಬೇಡಿ. ಅದರ ಕೆಳಗೆ ‘ಮೈಸೂರು ರಾಜ್ಯ’ ಅಂತ ಇದೆಯಾ ನೋಡಿ. 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಹೆಸರು ಬದಲಾಯಿತು, ಮೈಸೂರು ಅಂತಿದ್ದರೆ ಲೇಬಲ್ ಅಚ್ಚಾಗಿದ್ದು ಅದಕ್ಕೆ ಮೊದಲು. ನಿಜವಾಗಿಯೂ ಬ್ರಿಟಿಷರ ಕಾಲದ್ದು, ಅದರಲ್ಲೂ ದಂಡು ಪ್ರದೇಶದ ಅಂಗಡಿಯದ್ದು ಆಗಿದ್ದರೆ ‘ಸಿ. ಅಂಡ್ ಎಂ. ಸ್ಟೇಷನ್’, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂತ ಇರಬಹುದು. ಆ ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ, ಪೇಟೆ ಮತ್ತು ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ನಿಮ್ಮದು ಪೇಟೆ ಕಡೆ ವಿಳಾಸ ಆದ್ದರಿಂದ ಅದು ಸಿಗಲ್ಲ.

ಬೆಲೆ ಬರೆದಿದ್ದರೆ ಇನ್ನೂ ಒಳ್ಳೆಯದು. ಆಣೆಯಲ್ಲಿದ್ದರೆ ಹಳೇ ಲೆಕ್ಕ. 1957ರ ಏಪ್ರಿಲ್ 1ರಿಂದ ನೂರು ಪೈಸೆಯ ಲೆಕ್ಕ ಬಂತು, 1964ರವರೆಗೆ ಅದನ್ನು ‘ನಯೇ ಪೈಸೆ’ ಅನ್ನುತ್ತಿದ್ದರು. ಅಖಿಲ ಭಾರತ ಕ್ಯಾರಂ ಫೆಡರೇಷನ್ ಒಪ್ಪಿಗೆ ಅಂತ ಲೇಬಲ್‌ನಲ್ಲಿ ಇದ್ದರೆ ಬ್ರಿಟಿಷರ ಕಾಲದ ಮಾತು ಅಲ್ಲಿಗೇ ಮುಗಿಯಿತು, ಆ ಸಂಸ್ಥೆ ಹುಟ್ಟಿದ್ದೇ 1956ರಲ್ಲಿ. ಅಂತರರಾಷ್ಟ್ರೀಯ ಫೆಡರೇಷನ್ ಹೆಸರಿದ್ದರೆ 1988ರಿಂದ ಈಚೆಗೆ.

ಮಲ್ಲೇಶ್ವರದ ಒಂದು ಮನೆಯಲ್ಲಿ ನಾನು ನೋಡಿದ ಬೋರ್ಡಿನ ಕತೆ ಹೇಳುತ್ತೇನೆ, ನಿಮ್ಮದಕ್ಕೆ ಹತ್ತಿರ ಇದೆ. ಅವರೂ ನಲವತ್ತರ ದಶಕ ಅಂತಲೇ ನಂಬಿದ್ದರು. ಲೇಬಲ್‌ನಲ್ಲಿ ಬೆಂಗಳೂರು-2, ಮೈಸೂರು ರಾಜ್ಯ, ಪಕ್ಕದಲ್ಲಿ ಪೆನ್ಸಿಲಲ್ಲಿ 38.50. ಅಂದರೆ ಮಾರಿದ್ದು 1957ರ ನಂತರ. ಟಾರ್ಚ್ ಒರಗಿಸಿ ನೋಡಿದಾಗ ವಿಳಾಸದ ಮೇಲೆ ಓರೆಯಾಗಿ ನೇರಳೆ ಶಾಯಿಯ ರಬ್ಬರ್ ಸ್ಟಾಂಪ್ ಕಂಡಿತು, ಬರೀ 560 002 ಅಂತ. ಅಂಗಡಿಯವರ ಹತ್ತಿರ ಹಳೇ ಲೇಬಲ್ ಮಿಕ್ಕಿತ್ತು, ಹೊಸ ಪಿನ್ ಕೋಡನ್ನು ಅದರ ಮೇಲೇ ಒತ್ತಿ ಖಾಲಿ ಮಾಡಿದ್ದಾರೆ. ಲೇಬಲ್ 1973ರ ನವೆಂಬರಿಗೆ ಮೊದಲಿನದು, ಸ್ಟಾಂಪ್ 1972ರ ಆಗಸ್ಟಿನ ನಂತರದ್ದು. ಬೋರ್ಡ್ ಮಾರಾಟವಾಗಿದ್ದು 1972 ಅಥವಾ ಅದಾಗಿ ಕೆಲವೇ ವರ್ಷದೊಳಗೆ ಅಂತ ನಾನು ಹೇಳಿದೆ. ಇಷ್ಟು ಹತ್ತಿರದ ತಾರೀಕು ಸಿಗುವುದು ಅಪರೂಪ.

ಅದೇ ಬೋರ್ಡಿನ ಒಂದು ಮೂಲೆಯಲ್ಲಿ ಸ್ಟಾರ್ ಸ್ಕ್ರೂಗಳಿದ್ದವು, ಉಳಿದ ಮೂರರಲ್ಲಿ ಒಂದೇ ಗೀರಿನ ಹಳೇ ಸ್ಕ್ರೂ. ಸ್ಟಾರ್ ಸ್ಕ್ರೂ ಆ ಕಾಲದ್ದಲ್ಲ ಅಂತ ಮನೆಯವರಿಗೆ ಗಾಬರಿಯಾಯಿತು. ಇಂಥ ಕಡೆ ಸ್ಕ್ರೂ ಸುತ್ತಲಿನ ಮರ ನೋಡಬೇಕು. ಕಬ್ಬಿಣದ ಸ್ಕ್ರೂ ಬಹಳ ವರ್ಷ ಮರದಲ್ಲಿ ಕೂತರೆ, ತೇವಕ್ಕೆ ಮರದ ಒಗರಿನ ಜೊತೆ ಸೇರಿ ಸುತ್ತ ಕಪ್ಪು ಕಲೆ ಬೀಳುತ್ತೆ. ಮೂರು ಮೂಲೆಯಲ್ಲಿ ಕಲೆ ಇತ್ತು. ನಾಲ್ಕನೆಯದರಲ್ಲಿ ಕಲೆ ಒಂದು ಕಡೆ, ಹೊಸ ಸ್ಕ್ರೂ ಪಕ್ಕದಲ್ಲಿ. ಅಂದರೆ ಫ್ರೇಮ್ ಬಿಟ್ಟುಕೊಂಡಾಗ ಯಾರೋ ರಿಪೇರಿ ಮಾಡಿದ್ದಾರೆ ಅಷ್ಟೇ. ಪಾಕೆಟ್ಟಿನ ಬಲೆಯೂ ಹೀಗೇ, ಎಷ್ಟೋ ಸಲ ಬದಲಾಗಿರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಣ್ಣ, ಪಾಲಿಶ್ ನೋಡಲು ಪಾಕೆಟ್ ತೂತಿನ ಅಂಚೇ ಸರಿಯಾದ ಜಾಗ. ಮೇಲ್ಮೈಯನ್ನು ಉಜ್ಜಿ ಹೊಸದಾಗಿ ಪಾಲಿಶ್ ಮಾಡಿಸಿದರೂ ಆ ಅಂಚಿನಲ್ಲಿ ಹಳೇ ಪದರ ಹಾಗೇ ಉಳಿದಿರುತ್ತೆ. ಗೆರೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಕೈಯಲ್ಲಿ ಎಳೆದಿದ್ದರೆ ಗೆರೆ ಶುರುವಾಗುವ ಕಡೆ, ಮುಗಿಯುವ ಕಡೆ ಶಾಯಿ ಸ್ವಲ್ಪ ಗಂಟು ಕಟ್ಟಿರುತ್ತೆ, ವೃತ್ತದ ನಡುವೆ ಕೈವಾರದ ಮುಳ್ಳು ಚುಚ್ಚಿದ ಸಣ್ಣ ತೂತು ಇರುತ್ತೆ. ತೂತು ಇದ್ದು ಗೆರೆ ಮಾತ್ರ ಉದ್ದಕ್ಕೂ ಒಂದೇ ಸಮ ಇದ್ದರೆ ಆಮೇಲೆ ಮೇಲಿಂದ ಅಚ್ಚು ಹಾಕಿಸಿರಬಹುದು.

ಪಾಲಿಶ್ ಯಾವುದು ಅಂತ ತಿಳಿಯಲು ಫ್ರೇಮ್ ಹಿಂಬದಿಯಲ್ಲಿ, ಲೇಬಲ್‌ನಿಂದ ದೂರ, ಹತ್ತಿಯಲ್ಲಿ ಒಂದು ತೊಟ್ಟು ಸ್ಪಿರಿಟ್ ತಾಗಿಸಿ. ಅಂಟಂಟಾದರೆ ಅರಗಿನ ಪಾಲಿಶ್. ಆದರೆ ಬಡಗಿಗಳು ಅದನ್ನು ಇವತ್ತೂ ಹಚ್ಚುತ್ತಾರೆ, ಅದರಿಂದ ವಯಸ್ಸು ತಿಳಿಯಲ್ಲ.

ನಿಮ್ಮ ಪ್ರಶ್ನೆಗೆ ಇದಕ್ಕಿಂತ ಉಪಯೋಗ ಆಗುವುದು ನೋಟು ಪರೀಕ್ಷಿಸುವ ನೇರಳೆ ಟಾರ್ಚ್. ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತೆ. ಕತ್ತಲಲ್ಲಿ ಲೇಬಲ್ ಮೇಲೆ ಬಿಡಿ. ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ, ಅದು ಕಾಗದಕ್ಕೆ ಸೇರಲು ಶುರುವಾಗಿದ್ದು ಸುಮಾರು 1950ರಿಂದ ಈಚೆಗೆ. ಹೊಳೆಯದಿದ್ದರೆ ಏನೂ ಹೇಳಲಾಗದು, ಎಲ್ಲಾ ಕಾಗದಕ್ಕೂ ಅದನ್ನು ಹಾಕುತ್ತಿರಲಿಲ್ಲ.

ಡಬ್ಬದಲ್ಲಿ ಇರುವುದನ್ನೆಲ್ಲ ಬೋರ್ಡಿನಿಂದ ಬೇರೆಯಾಗಿಯೇ ನೋಡಿ, ಸ್ಟ್ರೈಕರ್ ಒಡೆದರೆ ಹೊಸದು ತರುವುದು ಮಾಮೂಲು ಅಲ್ವಾ. ಬಿಳಿ ಸ್ಟ್ರೈಕರನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಕಪ್ಪು ಚುಕ್ಕೆ, ಗೀರು ಇದ್ದರೆ ಮೂಳೆ. ಒಂದನ್ನೊಂದು ಕತ್ತರಿಸುವ ನವಿರಾದ ಗೆರೆಗಳ ಜಾಲ ಇದ್ದರೆ ಆನೆದಂತ. ಏನೂ ಇಲ್ಲದೆ ನುಣ್ಣಗಿದ್ದರೆ ಪ್ಲಾಸ್ಟಿಕ್ ಇರಬಹುದು. ಕಾಯಿಸಿದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತೆ. ಚೆಸ್ ಕಾಯಿಗಳಿಗೂ ಇದೇ ಪರೀಕ್ಷೆ.

ದಂತ ಅಂತ ಅನುಮಾನ ಬಂದರೆ ಸಂಡೇ ಬಜಾರಿಗೋ ಆನ್‌ಲೈನಿಗೋ ಮಾರಲು ಹೋಗಬೇಡಿ. ವನ್ಯಜೀವಿ ಕಾಯ್ದೆಯ ಪ್ರಕಾರ ಆನೆದಂತದ ವ್ಯಾಪಾರ ಅಪರಾಧ, ತಾತನ ಕಾಲದ್ದು ಅಂದರೂ ಬಿಡುವುದಿಲ್ಲ. ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬೋರ್ಡಿನ ವಿಷಯಕ್ಕೆ, ಟಾರ್ಚ್ ಒರಗಿಸಿ ತೆಗೆದ ಲೇಬಲ್ ಫೋಟೋ, ನಾಲ್ಕೂ ಮೂಲೆಯ ಸ್ಕ್ರೂ, ಒಂದು ಪಾಕೆಟ್ ಅಂಚು ಇಷ್ಟನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.