ಒಂದೇ ಪಾರ್ಚ್‌ಮೆಂಟ್ ಕಾಫಿ, ಮೂರು ಗ್ರೇಡ್: ಖರ್ಚನ್ನು ತೂಕದ ಮೇಲೆ ಹಂಚಬೇಡಿ

"ಸಕಲೇಶಪುರದಲ್ಲಿ ನಮ್ಮದು ಸಣ್ಣ ಕಾಫಿ ಕ್ಯೂರಿಂಗ್ ಘಟಕ. ಮಾರ್ಚ್ 31ರ ದಾಸ್ತಾನಿಗೆ ಎ, ಸಿ, ಬಿಟ್ಸ್ ಮೂರಕ್ಕೂ ಕೆಜಿಗೆ ಒಂದೇ ದರ ಹಾಕಿದೆ. ಬಿಟ್ಸ್‌ನಲ್ಲಿ ಮಾತ್ರ ನಷ್ಟ ಬರ್ತಿದೆ. ಬಿಟ್ಸ್ ತೆಗೆಯೋದನ್ನೇ ನಿಲ್ಲಿಸಲಾ?"

ನಿಲ್ಲಿಸುವುದು ಹೇಗೆ ಸಾರ್? ಪಾರ್ಚ್‌ಮೆಂಟ್ ಅಂದರೆ ಒಳಹೊಟ್ಟಿನ ಸಮೇತ ಒಣಗಿಸಿದ ಬೀಜ. ಅದನ್ನು ಹಲ್ ಮಾಡಿ ಹೊಟ್ಟು ಬಿಡಿಸಿದ ಮೇಲೆ ಬಿಟ್ಸ್, ಅಂದರೆ ಒಡೆದ ಕಾಳು, ಬಂದೇ ಬರುತ್ತದೆ. ಆ ನಷ್ಟ ಬಿಟ್ಸ್‌ನದ್ದಲ್ಲ, ತೂಕದ ಮೇಲೆ ಖರ್ಚು ಹಂಚಿದ್ದರದ್ದು. ನಮ್ಮ ಪಾಲುದಾರಿಕೆಯ ಲೆಕ್ಕದಲ್ಲೂ ಇದೇ ಆಗಿ, ಇಲ್ಲದ ಲಾಭ ಹಂಚಿಕೊಂಡಿದ್ದೆವು.

ಲೆಕ್ಕಕ್ಕೆಂದು ದುಂಡು ಅಂಕಿ ಹಿಡಿಯುತ್ತೇನೆ. 1000 ಕೆಜಿ ಪಾರ್ಚ್‌ಮೆಂಟ್, ಕೂಲಿ, ಕರೆಂಟು ಎಲ್ಲ ಸೇರಿ 4,01,500 ರೂಪಾಯಿ. ಹೊಟ್ಟು ಮಾರಿ 1,500 ಬಂತು, ಅದನ್ನು ಕಳೆಯಿರಿ. ಉಳಿದ 4,00,000 ಮೂರೂ ಗ್ರೇಡ್‌ಗೆ ಸೇರಿದ ಖರ್ಚು. ಎ 500 ಕೆಜಿ, ದರ 700. ಸಿ 200 ಕೆಜಿ, ದರ 600. ಬಿಟ್ಸ್ 100 ಕೆಜಿ, ದರ 300. ಒಟ್ಟು ಮಾರಾಟ ಬೆಲೆ 5,00,000. ಅಂದರೆ ಖರ್ಚು ಬೆಲೆಯ ಶೇ 80. ಕೆಜಿಗೆ ಎ 560, ಸಿ 480, ಬಿಟ್ಸ್ 240 ಬೀಳುತ್ತದೆ. ನಿಮ್ಮ ತೂಕದ ಲೆಕ್ಕದಲ್ಲಿ ಎಲ್ಲಕ್ಕೂ 500!

ಈಗ ಎ ಪೂರ್ತಿ ಮಾರಿ, 100 ಕೆಜಿ ಸಿ ಮತ್ತು 100 ಕೆಜಿ ಬಿಟ್ಸ್ ಉಳಿದಿದೆ ಅನ್ನಿ. ತೂಕದ ಲೆಕ್ಕದಲ್ಲಿ ದಾಸ್ತಾನು 1,00,000. ಮಾರಿದರೆ ಬರುವುದೇ 90,000, ಹೇಗೆ ಸರಿ? ಬೆಲೆಯ ಲೆಕ್ಕದಲ್ಲಿ 72,000. ನಡುವಿನ 28,000 ಈ ವರ್ಷದ ಲಾಭದಲ್ಲಿ ಸುಮ್ನೆ ಬಂದು ಕೂತಿದೆ. ಬಿಟ್ಸನ್ನು ಮಾರುಕಟ್ಟೆ ದರಕ್ಕೆ ಇಳಿಸಿದರೂ 80,000 ಆಗುತ್ತದೆ, ಪೂರ್ತಿ ಸರಿಹೋಗುವುದಿಲ್ಲ. ದಾಸ್ತಾನಿನ ಲೆಕ್ಕದ ಮಾನದಂಡ ಎಎಸ್ 2 ಕೂಡ ಬೆಲೆಯ ಅನುಪಾತವನ್ನೇ ಉದಾಹರಣೆಯಾಗಿ ಕೊಡುತ್ತದೆ. ಪ್ರತಿ ವರ್ಷ ಅದೇ ಕ್ರಮ ಇರಲಿ, ಲಾಭ ನೋಡಿ ಬದಲಿಸಬೇಡಿ.

ದರ ಯಾವುದು? ಗ್ರೇಡ್ ಬೇರೆಯಾದ ಸಮಯದ್ದು. ವರ್ಷದ ಕೊನೆಗೆ ಬೆಲೆ ಹೀಗೆ ಹಂಚಿದ ಖರ್ಚಿಗಿಂತ ಕೆಳಗೆ ಬಿದ್ದಿದ್ದರೆ ಮಾತ್ರ ಆ ಬೆಲೆಗೆ ಇಳಿಸಿ.

ಇನ್ನೊಬ್ಬರು ಬಿಟ್ಸನ್ನೂ ಹೊಟ್ಟಿನ ಹಾಗೆ ಬೈಪ್ರಾಡಕ್ಟ್ ಮಾಡಿ, ಖರ್ಚಿನಿಂದ ಕಳೆಯಿರಿ ಅಂದಿದ್ದಾರೆ. ಅರ್ಧ ಸರಿ. ಬೆಲೆಯಲ್ಲಿ ತೀರಾ ಸಣ್ಣದಾದರೆ ಮಾಡಬಹುದು. ಇಲ್ಲಿ ಶೇ 6 ಇದೆ, ನಾನಾದರೆ ಮಾಡುವುದಿಲ್ಲ. ನಿಮ್ಮ ಆಡಿಟರ್ ಬೇರೆ ಹೇಳಬಹುದು, ಕೇಳಿ. ಎಣ್ಣೆ, ಹಿಂಡಿ ಎರಡಕ್ಕೂ ಖರ್ಚು ಹೇಗೆ ಹಂಚುವುದು ಎಂದು ಅರಸೀಕೆರೆಯ ಅಣ್ಣ ಕೇಳಿದ ಗಾಣದ ಲೆಕ್ಕ ಸ್ವಲ್ಪ ಬೇರೆ. ಎಣ್ಣೆಗೆ ಬಾಟಲಿ ತುಂಬುವ ಮೊದಲಿನ ದರ ಸಿಗದಿದ್ದರೆ, ಬಾಟಲಿ ಎಣ್ಣೆಯ ಬೆಲೆಯಿಂದ ಬಾಟಲಿ, ಲೇಬಲ್, ಸಾಗಾಟ ಕಳೆದು ಹಂಚಿ. ಕಾಫಿ ಬಿಟ್ಸಿಗೆ ಹಸಿಯಾಗಿಯೇ ದರ ಇರುವಾಗ ಹುರಿದ ಪುಡಿಯ ದರ ಹಿಡಿಯಬೇಡಿ.

ಟ್ಯಾಲಿ ಪ್ರೈಮ್‌ನಲ್ಲಿ ಎ ಗ್ರೇಡನ್ನು ಮುಖ್ಯ ಐಟಂ ಮಾಡಿ, ಉಳಿದ ಗ್ರೇಡನ್ನು Co-Product ಎಂದು, ಹೊಟ್ಟನ್ನು By-Product ಎಂದು ಹಾಕಿ, ಶೇಕಡಾವಾರು ನೀವೇ ತುಂಬಬೇಕು. ನನಗೆ ಎಕ್ಸೆಲ್‌ಗಿಂತ ಇದೇ ವಾಸಿ. ಆದರೆ ಸೀಸನ್ ಶುರುವಿನ ಶೇಕಡಾ ಹಾಗೇ ಬಿಟ್ಟುಬಿಡುತ್ತಾರೆ. ದರ ಬದಲಾದಾಗ ಬದಲಿಸಿ ಮಾರಾಯ್ರೇ!

ಬೆಳೆಗಾರರು ಕ್ಯೂರಿಂಗ್‌ಗೆ ಇಟ್ಟ ಕಾಫಿಯನ್ನು ನಿಮ್ಮ ದಾಸ್ತಾನಿಗೆ ಸೇರಿಸಬೇಡಿ. ಮತ್ತೆ ಪಾರ್ಚ್‌ಮೆಂಟಿಗೆ ಎಷ್ಟು ಕಾಳು ಬರುತ್ತದೆ ಎಂಬ ಔಟ್‌ಟರ್ನ್ ಅಂದಾಜಿನ ಮೇಲೆ ತೂಕ ಬರೆಯಬೇಡಿ, 31ರಂದು ಚೀಲ ತೂಗಿಯೇ ಬರೆಯಿರಿ.