ಪಾರ್ಕಿನ ಊಟಕ್ಕೆ ಎರಡು ಪ್ಯಾಕು ಬ್ರೆಡ್ಡು ಸಾಕು

"ಅಕ್ಕಾರ, ನಮಸ್ಕಾರ್ರಿ. ನಾವು ಆಳಂದದವರು, ಲೀಡ್ಸ್‌ಗೆ ಹೊಸದಾಗಿ ಬಂದೀವಿ. ಮುಂದಿನ ಶುಕ್ರವಾರ ಆಫೀಸಿನ 20 ಮಂದಿ ಪಾರ್ಕಿನಲ್ಲಿ ಊಟಕ್ಕೆ ಸೇರ್ತಾರೆ. ಎಲ್ಲರೂ ಒಂದೊಂದು ತರಬೇಕಂತೆ, ನನ್ನ ಪಾಲಿಗೆ ಸ್ಯಾಂಡ್‌ವಿಚ್ ಬಂದಿದೆ. ಮನೆಯಲ್ಲಿ ಮೊಟ್ಟೆ ಮುಟ್ಟೋದಿಲ್ಲ. ಒಂದು ಬ್ರೆಡ್ಡಿನಲ್ಲಿ ಎಷ್ಟು ಆಗ್ತವೆ? ಒಂದು ಸ್ಲೈಸಿಗೆ ಎಷ್ಟು ಹಚ್ಚಬೇಕು? ಶೇಂಗಾ ಹಿಂಡಿ ಸವರಿದರೆ ನಡೀತದಾ?"

ತಂಗಿ, ನಾನು ಬೀದರದವಳು. ಮೊದಲು ಹಿಂಡಿಯ ವಿಷಯ ಮುಗಿಸಿಬಿಡುತ್ತೇನೆ. ಬೇಡ. ರುಚಿ ಸೇರುವುದಿಲ್ಲ ಅಂತಲ್ಲ, ಬೆಣ್ಣೆಯ ಮೇಲೆ ಶೇಂಗಾ ಹಿಂಡಿ ಉದುರಿಸಿದರೆ ಬಹಳ ಚೆನ್ನಾಗಿರುತ್ತದೆ. ಆದರೆ ಇಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಅಲರ್ಜಿ ಇರುವವರು ಆಫೀಸಿಗೊಬ್ಬರಾದರೂ ಸಿಗಬಹುದು. ಕೆಲವರಿಗೆ ಚೂರು ತಗುಲಿದರೂ ಉಸಿರು ಕಟ್ಟುತ್ತದೆ. ಒಂದೇ ತಟ್ಟೆಯಲ್ಲಿ ಇಟ್ಟರೆ ಅದರ ಪುಡಿ ಪಕ್ಕದ ಸ್ಯಾಂಡ್‌ವಿಚ್‌ಗೂ ಹತ್ತುತ್ತದೆ. ಹಿಂಡಿ ಮನೆಯಲ್ಲೇ ಇರಲಿ. ಕತ್ತರಿಸುವ ಮಣೆ, ಚಾಕು ಕೂಡ ಹಿಂಡಿ ಹತ್ತದ್ದೇ ಇರಲಿ.

ಈಗ ಬ್ರೆಡ್ಡು. ಕಲಬುರಗಿಯ ಬೇಕರಿಯಲ್ಲಿ ಕೊಳ್ಳುವ ಪ್ಯಾಕಿನ ಅಂದಾಜು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಸೂಪರ್ ಮಾರ್ಕೆಟ್ಟಿನ ದೊಡ್ಡ ಪ್ಯಾಕು 800 ಗ್ರಾಂ, ಚಿಕ್ಕದು 400. ಆದರೆ ತೂಕ ಒಂದೇ ಇದ್ದರೂ ಸ್ಲೈಸುಗಳ ಸಂಖ್ಯೆ ಒಂದೇ ಇರುವುದಿಲ್ಲ. ಅದು ಎಷ್ಟು ದಪ್ಪಕ್ಕೆ ಕೊಯ್ದಿದ್ದಾರೆ ಎನ್ನುವುದರ ಮೇಲೆ ಹೋಗುತ್ತದೆ. ಪ್ಯಾಕಿನ ಮೇಲೆ ಮೀಡಿಯಂ, ಥಿಕ್ ಅಂತ ಬರೆದಿರುತ್ತಾರೆ. ಟೋಸ್ಟಿ ಅಂತ ಬರೆದಿದ್ದರೆ ಅದೂ ದಪ್ಪದ್ದೇ. ನೀನು ಮೀಡಿಯಂ ತಗೋ.

ಅಂಗಡಿಯಲ್ಲೇ ಲೆಕ್ಕ ಹಾಕುವುದು ಸುಲಭ. ಪ್ಯಾಕಿನ ಹಿಂದೆ ಕ್ಯಾಲರಿ ಬರೆದ ಪಟ್ಟಿ ಇರುತ್ತದಲ್ಲ, ಅಲ್ಲಿ ಒಂದು ಸ್ಲೈಸಿನ ತೂಕವೂ ಇರುತ್ತದೆ. ಪ್ಯಾಕಿನ ತೂಕವನ್ನು ಅದರಿಂದ ಭಾಗಿಸು. ಸ್ಲೈಸು 40 ಗ್ರಾಂ ಇದ್ದರೆ 800ಕ್ಕೆ 20 ಸ್ಲೈಸು. ಎರಡೂ ತುದಿಯ ಗಟ್ಟಿ ಸ್ಲೈಸುಗಳನ್ನು ಬಿಡು, ಅವನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಉಳಿದದ್ದು 18, ಅಂದರೆ 9 ಸ್ಯಾಂಡ್‌ವಿಚ್. ಅದೇ 47 ಗ್ರಾಮಿನ ದಪ್ಪ ಸ್ಲೈಸಾದರೆ 17 ಬರುತ್ತವೆ. ತುದಿ ಬಿಟ್ಟರೆ 15, ಅಂದರೆ ಏಳು ಸ್ಯಾಂಡ್‌ವಿಚ್ ಆಗಿ ಒಂದು ಸ್ಲೈಸು ಒಂಟಿಯಾಗಿ ಉಳಿಯುತ್ತದೆ. ದಪ್ಪ ಬ್ರೆಡ್ಡಿನಲ್ಲಿ ಇನ್ನೊಂದು ತೊಂದರೆ ಇದೆ. ಒಳಗಿನ ಪಲ್ಯದ ರುಚಿ ನಾಲಿಗೆಗೆ ಹತ್ತುವುದೇ ಇಲ್ಲ, ಬರೀ ಬ್ರೆಡ್ಡು ತಿಂದ ಹಾಗಾಗುತ್ತದೆ.

ಎರಡು ಮೀಡಿಯಂ ಪ್ಯಾಕಿಗೆ 18 ಸ್ಯಾಂಡ್‌ವಿಚ್. ಒಂದೊಂದನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಕೊಯ್ದು ನಾಲ್ಕು ತ್ರಿಕೋನ ಮಾಡಿದರೆ 72 ತುಂಡು. 20 ಜನರಿಗೆ ತಲೆಗೆ ಮೂರೂವರೆ ತುಂಡಿನ ಮೇಲೆ ಬಂತು. ಬೇರೆಯವರು ಕ್ರಿಸ್ಪ್ಸ್, ಸಲಾಡು, ಕೇಕು ತರುವಾಗ ಇದು ಧಾರಾಳ ಸಾಕು. ನಿನಗೆ ಇದು ಕಡಿಮೆ ಅನ್ನಿಸುತ್ತದೆ ಅಂತ ಗೊತ್ತು. ನಮ್ಮ ಕಡೆ ಊಟ ಕಡಿಮೆ ಬಿದ್ದರೆ ಮನೆತನದ ಮಾತಾಗುತ್ತದೆ. ಇಲ್ಲಿ ಹಾಗೇನಿಲ್ಲ. ಯಾರೂ ಒತ್ತಾಯ ಮಾಡಿ ಬಡಿಸುವುದಿಲ್ಲ, ಬೇಕಾದಷ್ಟು ಎತ್ತಿಕೊಂಡು ಸುಮ್ಮನಾಗುತ್ತಾರೆ. ಮೂರನೇ ಪ್ಯಾಕು ಒಯ್ದರೆ ಅರ್ಧ ವಾಪಸ್ ಬರುತ್ತದೆ, ಒಮ್ಮೆ ಬೆಣ್ಣೆ ಹಚ್ಚಿ ಬಿಸಿಲಿಗೆ ಇಟ್ಟ ಸ್ಯಾಂಡ್‌ವಿಚ್ ಮರುದಿನಕ್ಕೆ ಬರುವುದಿಲ್ಲ. ಊಟಕ್ಕೆ ಸ್ಯಾಂಡ್‌ವಿಚ್ ಒಂದೇ ಇದ್ದರೆ ಮಾತ್ರ ಲೆಕ್ಕ ಬೇರೆ: ತಲೆಗೆ ಒಂದೂವರೆ ಸ್ಯಾಂಡ್‌ವಿಚ್, ಅಂದರೆ 30, ಅದಕ್ಕೆ ನಾಲ್ಕು ಪ್ಯಾಕು.

ಒಳಗೆ ಹಾಕುವುದರಲ್ಲಿ ಹೊಸಬರು ಗೊಂದಲ ಮಾಡಿಕೊಳ್ಳುವ ಜಾಗ ಒಂದಿದೆ. ಬೆಣ್ಣೆಯ ಅಳತೆ ಪ್ರತಿ ಸ್ಲೈಸಿಗೆ, ಎರಡೂ ಸ್ಲೈಸಿಗೆ ಹಚ್ಚಬೇಕು. ಪಲ್ಯ, ಚೀಸಿನ ಅಳತೆ ಪ್ರತಿ ಸ್ಯಾಂಡ್‌ವಿಚ್‌ಗೆ, ಒಂದೇ ಸ್ಲೈಸಿನ ಮೇಲೆ ಹಾಕಬೇಕು. ಇದನ್ನು ಕಲಸಿಬಿಟ್ಟರೆ ಒಂದೋ ಎರಡು ಪಟ್ಟು ಪಲ್ಯ ಮಾಡಿಟ್ಟಿರುತ್ತೀ, ಇಲ್ಲ ಅರ್ಧ ಬ್ರೆಡ್ಡಿಗೆ ಬೆಣ್ಣೆ ಮುಗಿದಿರುತ್ತದೆ.

ಬೆಣ್ಣೆ ಸ್ಲೈಸಿಗೆ 5 ಗ್ರಾಂ, ಅಂದರೆ ಒಂದು ಸಮ ಚಹಾ ಚಮಚ. 36 ಸ್ಲೈಸಿಗೆ 180 ಗ್ರಾಂ. ಇಲ್ಲಿ ಬೆಣ್ಣೆ 250 ಗ್ರಾಮಿನ ಗಟ್ಟಿಯಾಗಿ ಸಿಗುತ್ತದೆ, ಒಂದು ತಗೊಂಡರೆ ಉಳಿಯುತ್ತದೆ. ರಾತ್ರಿಯೇ ಫ್ರಿಜ್ಜಿನಿಂದ ಹೊರಗಿಡು. ಗಟ್ಟಿ ಬೆಣ್ಣೆ ಎಳೆದರೆ ಮೆತ್ತನೆ ಬ್ರೆಡ್ಡು ಕಿತ್ತು ಬರುತ್ತದೆ. ಕ್ಯಾಲರಿ ಜಾಸ್ತಿ ಅಂತ ಬೆಣ್ಣೆ ಬಿಡಬೇಡ. ಅದು ರುಚಿಗಷ್ಟೇ ಅಲ್ಲ, ಒಳಗಿನ ನೀರು ಬ್ರೆಡ್ಡಿಗೆ ಇಳಿಯದ ಹಾಗೆ ತಡೆಯುತ್ತದೆ. ಅದಕ್ಕೇ ನಡುವೆ ಮಾತ್ರ ಸವರದೆ ಅಂಚಿನ ತನಕ ಹಚ್ಚಬೇಕು. ಅಂಚು ಬಿಟ್ಟರೆ ಮೊದಲು ಒದ್ದೆಯಾಗುವುದೇ ಅಂಚು.

ನಿನಗೆ ನಾನು ಹೇಳುವುದು ಎರಡು ಬಗೆ. ಒಂದು ಪ್ಯಾಕಿಗೆ ಚೀಸು, ಸೌತೆಕಾಯಿ, ಹಸಿರು ಚಟ್ನಿ. ಇನ್ನೊಂದಕ್ಕೆ ಆಲೂಗಡ್ಡೆ ಪಲ್ಯ.

ಚೀಸಿನ ಒಂಬತ್ತು ಸ್ಯಾಂಡ್‌ವಿಚ್‌ಗೆ ತುರಿದ ಚೆಡ್ಡರ್ ತಲಾ 30 ಗ್ರಾಂ, ಒಟ್ಟು 270. ಚೀಸು ಕೊಳ್ಳುವಾಗ ಶಾಕಾಹಾರಿಗಳಿಗೆ ಆಗುತ್ತದೆ ಅಂತ ಪ್ಯಾಕಿನ ಮೇಲೆ ಬರೆದಿದೆಯಾ ನೋಡು. ಕೆಲವು ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಮನೆಯಲ್ಲಿ ಮೊಟ್ಟೆ ಮುಟ್ಟದವರು ಇದನ್ನು ನೋಡಲೇಬೇಕು. ಸೌತೆಕಾಯಿ ಒಂದು ಸ್ಯಾಂಡ್‌ವಿಚ್‌ಗೆ ತೆಳ್ಳನೆಯ ಏಳು ಬಿಲ್ಲೆ. ಇಲ್ಲಿಯ ಉದ್ದನೆಯ ಸೌತೆಕಾಯಿ ಒಂದೇ ಸಾಕು. ಕೊಯ್ದ ಮೇಲೆ ಚಿಟಿಕೆ ಉಪ್ಪು ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು, ಬಿಟ್ಟ ನೀರನ್ನು ಬಸಿದು, ಅಡುಗೆಮನೆಯ ಕಾಗದದಿಂದ ಒತ್ತಿ ಒರೆಸು. ಇದೊಂದು ಬಿಟ್ಟರೆ ಪಾರ್ಕಿಗೆ ಹೋಗುವಷ್ಟರಲ್ಲಿ ಬ್ರೆಡ್ಡು ಮುದ್ದೆಯಾಗಿರುತ್ತದೆ. ಟೊಮೆಟೊ ಬೇಡವೇ ಬೇಡ.

ಚಟ್ನಿಯನ್ನು ಬ್ರೆಡ್ಡಿಗೆ ನೇರ ಹಚ್ಚಬೇಡ, ಎಷ್ಟೇ ಗಟ್ಟಿ ಅರೆದರೂ ಒಳಗಿಳಿಯುತ್ತದೆ. ಕೊತ್ತಂಬರಿ, ಹಸಿ ಮೆಣಸಿನಕಾಯಿ, ಲಿಂಬೆ, ಉಪ್ಪು ಆದಷ್ಟು ನೀರಿಲ್ಲದೆ ಅರೆದು, ಜಾಲರಿಯಲ್ಲಿ ಹಾಕಿ ಒತ್ತಿ ರಸ ತೆಗೆ. ಉಳಿದ ಮೂರು ದೊಡ್ಡ ಚಮಚ ಚಟ್ನಿಯನ್ನು ಈ ಪ್ಯಾಕಿನ ಪಾಲಿನ 90 ಗ್ರಾಂ ಬೆಣ್ಣೆಗೆ ಕಲಸಿಬಿಡು. ಸ್ಲೈಸಿಗೆ ಒಂದೂವರೆ ಚಹಾ ಚಮಚದಂತೆ 18 ಸ್ಲೈಸಿಗೂ ಸರಿಹೋಗುತ್ತದೆ. ಮೆಣಸಿನಕಾಯಿ ನಮ್ಮ ಅಳತೆಗೆ ಹಾಕಬೇಡ, ಎರಡು ಸಾಕು. ಅದಕ್ಕೇ ಕೆಲವರು ನೀರು ಕುಡಿಯುತ್ತಾರೆ.

ಆಲೂಗಡ್ಡೆ ಪಲ್ಯ ಒಂದು ಸ್ಯಾಂಡ್‌ವಿಚ್‌ಗೆ 60 ಗ್ರಾಂ, ತುಂಬಿದ ಎರಡು ದೊಡ್ಡ ಚಮಚ. ಒಂಬತ್ತಕ್ಕೆ 540 ಗ್ರಾಂ. ಸಿಪ್ಪೆ ಹೋಗುವುದನ್ನು ಹಿಡಿದು ಹಸಿ ಆಲೂಗಡ್ಡೆ 600 ಗ್ರಾಂ ತಗೋ, ಒಂದು ಸಣ್ಣ ಉಳ್ಳಾಗಡ್ಡಿ ಸೇರಿದರೆ ಲೆಕ್ಕಕ್ಕೆ ಬರುತ್ತದೆ. ಚಪಾತಿಗೆ ಮಾಡುವ ಹಾಗೆ ನೀರು ಬಿಟ್ಟು ಸಡಿಲ ಮಾಡಬೇಡ. ಗಂಟಿಲ್ಲದೆ ಮಸೆದು, ಬಾಣಲೆಯಲ್ಲಿ ಒಣಗುವ ತನಕ ಕೈಯಾಡಿಸು. ಉಂಡೆ ಕಟ್ಟಿದರೆ ಬೆರಳಿಗೆ ಹತ್ತಬಾರದು, ಅದೇ ಹದ. ಹಿಂದಿನ ರಾತ್ರಿಯೇ ಮಾಡಿ ಆರಿಸಿ ಫ್ರಿಜ್ಜಿಗೆ ಇಡು. ಬಿಸಿ ಪಲ್ಯ ಹಾಕಿದರೆ ಆವಿಗೆ ಬ್ರೆಡ್ಡು ಬೆವರುತ್ತದೆ, ಬೆಣ್ಣೆಯೂ ಕರಗಿ ತಡೆಯುವ ಪದರವೇ ಹೋಗುತ್ತದೆ. 60 ಗ್ರಾಮಿಗಿಂತ ಜಾಸ್ತಿ ತುಂಬಿದರೆ ಕೊಯ್ಯುವಾಗ ಚೂಪು ತುದಿಯಿಂದ ಹೊರಗೆ ಬರುತ್ತದೆ, ನಿಂತು ಒಂದೇ ಕೈಯಲ್ಲಿ ತಿನ್ನುವವರಿಗೆ ಫಜೀತಿ.

ಒಗ್ಗರಣೆಗೆ ಸಾಸಿವೆ ಹಾಕುತ್ತೀ ಅಲ್ವಾ? ಇಲ್ಲಿ ಆಹಾರ ಮಾರುವವರು ಹೇಳಲೇಬೇಕಾದ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಸಾಸಿವೆಯೂ ಇದೆ, ಎಳ್ಳೂ ಇದೆ. ಮನೆಯಿಂದ ತರುವವರಿಗೆ ಆ ಕಾನೂನು ಅಲ್ಲ, ಆದರೂ ಒಂದು ಚೀಟಿ ಬರೆದಿಡುವುದು ಒಳ್ಳೆಯದು. ಒಂದು ಡಬ್ಬಿಯ ಮೇಲೆ ಚೀಸು, ಸೌತೆಕಾಯಿ, ಚಟ್ನಿ: ಗೋಧಿ, ಹಾಲು. ಇನ್ನೊಂದರ ಮೇಲೆ ಆಲೂಗಡ್ಡೆ: ಗೋಧಿ, ಹಾಲು, ಸಾಸಿವೆ, ಖಾರ ಇದೆ. ಅವರಿಗೆ ತಿಳಿಯುವ ಹಾಗೆ ಇಂಗ್ಲಿಷಿನಲ್ಲಿ ಬರೆ. ಬ್ರೆಡ್ಡಿನ ಪ್ಯಾಕಿನಲ್ಲಿ ದಪ್ಪಕ್ಷರದಲ್ಲಿ ಸೋಯಾ ಅಂತ ಇದ್ದರೆ ಅದನ್ನೂ ಸೇರಿಸು. ಸಾಸಿವೆ ಬದಲು ಬರೀ ಜೀರಿಗೆ ಹಾಕಿದರೆ ಒಂದು ಹೆಸರು ಕಡಿಮೆಯಾಗುತ್ತದೆ, ನಾನಾದರೆ ಹಾಗೇ ಮಾಡುತ್ತೇನೆ.

ಮೊಟ್ಟೆ ತಿನ್ನುವ ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ, ಅಳತೆ ಅದೇ 60 ಗ್ರಾಂ: ಒಂಬತ್ತು ಸ್ಯಾಂಡ್‌ವಿಚ್‌ಗೆ ಒಂಬತ್ತು ಬೇಯಿಸಿದ ಮೊಟ್ಟೆ, ಸುಮಾರು 90 ಗ್ರಾಂ ಮೇಯನೇಸ್.

ಜೋಡಿಸುವುದನ್ನು ಬೆಳಗ್ಗೆ ಇಟ್ಟುಕೋ. ಪ್ಯಾಕಿನಿಂದ ಸ್ಲೈಸುಗಳನ್ನು ಬಂದ ಸಾಲಿನಲ್ಲೇ ತೆಗೆ. ಅಕ್ಕಪಕ್ಕದ ಎರಡನ್ನು ಪುಸ್ತಕ ತೆರೆದ ಹಾಗೆ ಬಿಡಿಸಿ, ಎರಡೂ ಪುಟಕ್ಕೆ ಬೆಣ್ಣೆ ಹಚ್ಚಿ, ಒಂದರ ಮೇಲೆ ಹೂರಣ ಹಾಕಿ ಮುಚ್ಚು. ಬ್ರೆಡ್ಡಿನ ಮೇಲ್ಭಾಗ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಜೋಡಿ ತಪ್ಪಿದರೆ ಅಂಚು ಸೇರುವುದಿಲ್ಲ, ಕೊಯ್ದಾಗ ಪಲ್ಯ ಉದುರುತ್ತದೆ. ಎಲ್ಲ ಆದ ಮೇಲೆ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಟ್ಟೆ ಮುಚ್ಚಿ ಕಾಲು ಗಂಟೆ ಬಿಡು, ಕೂತುಕೊಳ್ಳುತ್ತವೆ. ಆಮೇಲೆ ಹಲ್ಲಿನ ಚಾಕುವಿನಿಂದ ಒತ್ತದೆ ಎಳೆದು ಕೊಯ್ಯಿ. ಸುತ್ತಲಿನ ಅಂಚು ತೆಗೆಯುವ ಗೋಜು ಬೇಡ. ಪಿಕ್‌ನಿಕ್‌ಗೆ ಅಂಚಿದ್ದರೇ ತುಂಡು ಗಟ್ಟಿಯಾಗಿ ನಿಲ್ಲುತ್ತದೆ.

ಕೊಯ್ದ ತುಂಡುಗಳನ್ನು ಡಬ್ಬಿಯಲ್ಲಿ ಒತ್ತಾಗಿ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು ಮುಚ್ಚು. ಗಾಳಿ ತಾಗಿದ ಬ್ರೆಡ್ಡು ಅರ್ಧ ಗಂಟೆಯಲ್ಲಿ ಒಣಗಲು ಶುರುವಾಗುತ್ತದೆ. ಹೊರಡುವ ತನಕ ಫ್ರಿಜ್ಜಿನಲ್ಲಿರಲಿ, ದಾರಿಯಲ್ಲಿ ಐಸ್ ಪ್ಯಾಕು ಹಾಕಿದ ಕೂಲ್ ಬ್ಯಾಗಿನಲ್ಲಿ. ರಾತ್ರಿಯೇ ಜೋಡಿಸಿ ಫ್ರಿಜ್ಜಿಗಿಡುವ ಯೋಚನೆ ಬಿಡು, ಫ್ರಿಜ್ಜಿನ ತಂಪಿಗೆ ಬ್ರೆಡ್ಡು ಬೇಗ ಬಿರುಸಾಗುತ್ತದೆ. ಇಲ್ಲಿಯ ಹೋಟೆಲು, ಕೇಟರಿಂಗಿನವರಿಗೆ ಇಂಥ ತಿನಿಸನ್ನು 8 ಡಿಗ್ರಿ ಒಳಗೆ ಇಡಬೇಕು, ಬಡಿಸಲು ಹೊರಗಿಟ್ಟರೆ ನಾಲ್ಕು ಗಂಟೆಯ ಒಳಗೆ ಮುಗಿಯಬೇಕು ಎಂಬ ನಿಯಮವಿದೆ. ಅದನ್ನೇ ನೀನೂ ಹಿಡಿ. ಒಂದು ಗಂಟೆಗೆ ಹೊರಗೆ ಇಟ್ಟದ್ದು ಐದಕ್ಕೂ ಉಳಿದಿದ್ದರೆ ಮನೆಗೆ ತರಬೇಡ. ಮನೆಯಲ್ಲಿ ಉಳಿದ ನಾಲ್ಕು ತುದಿಗಳನ್ನು ಸಣ್ಣಗೆ ಮುರಿದು ಉಳ್ಳಾಗಡ್ಡಿ ಒಗ್ಗರಣೆ ಹಾಕು, ಅವತ್ತಿನ ಸಂಜೆಯ ನಾಷ್ಟಾ ಆಯ್ತು. ಹಿಂಡಿ ಅದಕ್ಕೆ ಹಾಕಿಕೋ.